ಫೀಡರಿನಿಂದ ಸೊಟ್ಟಗೆ ಬರುವ ಪುಟಗಳು: ರೋಲರ್ ಒರೆಸುವುದು, ಬೇರೆ ಬೇರೆ ಅಳತೆಯ ಹಾಳೆ ಇಡುವುದು

ಪ್ರಶ್ನೆ: ಕುಮಟಾ ಹತ್ತಿರ ಒಂದು ಸಹಕಾರಿ ಸಂಘದ ಆಫೀಸಿನಲ್ಲಿ ಕೆಲಸ ಮಾಡ್ತೇನೆ. ಹಳೆ ಸಾಲದ ಕಡತಗಳನ್ನು ಸ್ಕ್ಯಾನ್ ಮಾಡ್ತಾ ಇದ್ದೇವೆ. ಒಂದೇ ಕಡತದಲ್ಲಿ ಎ4, ಲೀಗಲ್, ಸಣ್ಣ ರಸೀದಿ ಎಲ್ಲ ಇರ್ತವೆ. ಮೇಲಿನ ಫೀಡರಿಗೆ ಹಾಕಿದರೆ ಕೆಲವು ಪುಟ ಸೊಟ್ಟ, ಕೆಲವು ಸರಿ. ಅದೇ ಹಾಳೆ ಗಾಜಿನ ಮೇಲಿಟ್ಟರೆ ನೆಟ್ಟಗೆ ಬರ್ತದೆ. ಮಳೆಗಾಲ ಶುರುವಾದ ಮೇಲೆ ಇನ್ನೂ ಜಾಸ್ತಿ ಆಗಿದೆ. ರೋಲರ್ ಒರೆಸಿ ಅಂತಾರೆ, ಏನು ಹಾಕಿ ಒರೆಸಬೇಕು? ಎಲ್ಲ ಅಳತೆಯ ಹಾಳೆ ಒಟ್ಟಿಗೆ ಹಾಕಲಿಕ್ಕೆ ಏನಾದರೂ ಉಪಾಯ ಇದೆಯೇ?

ಉತ್ತರ:

ಬಟ್ಟೆ ಕೈಗೆತ್ತಿಕೊಳ್ಳುವ ಮೊದಲು ಹತ್ತು ನಿಮಿಷದ ಒಂದು ಪರೀಕ್ಷೆ ಮಾಡಿಕೊಳ್ಳಿ. ಸೊಟ್ಟ ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದರಲ್ಲಿ ಎರಡು ಮೂರು ಬಗೆಯ ದೋಷಗಳು ಸೇರಿಕೊಂಡಿರುತ್ತವೆ. ರೋಲರ್ ಒರೆಸಿದರೆ ಅವೆಲ್ಲವೂ ಹೋಗುವುದಿಲ್ಲ.

ಹೊಸ ಕಟ್ಟಿನಿಂದ ಒಂದು ಎ4 ಹಾಳೆ ತೆಗೆದುಕೊಳ್ಳಿ. ನಾಲ್ಕೂ ಅಂಚಿನಿಂದ ಸರಿಯಾಗಿ 15 ಮಿಲಿಮೀಟರ್ ಒಳಗೆ ಸ್ಕೇಲಿಟ್ಟು ಕಪ್ಪು ಪೆನ್ನಿನಲ್ಲಿ ಒಂದು ಚೌಕಟ್ಟು ಎಳೆಯಿರಿ. ಫೀಡರಿನ ಎರಡೂ ಗೈಡುಗಳನ್ನು ಹಾಳೆಗೆ ತಾಗುವಂತೆ ಸರಿಸಿ, ಇದೊಂದೇ ಹಾಳೆಯನ್ನು ನಾಲ್ಕೈದು ಸಲ ಸ್ಕ್ಯಾನ್ ಮಾಡಿ. ಯಂತ್ರದಲ್ಲಿ ತಾನಾಗಿ ನೇರ ಮಾಡುವ ಸೌಲಭ್ಯವಿದ್ದರೆ ಅದನ್ನು ಆಗ ಬಂದ್ ಮಾಡಿಡಿ, ಇಲ್ಲವಾದರೆ ನಿಜವಾದ ದೋಷ ಕಾಣುವುದಿಲ್ಲ. ಬಂದ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದು, ಎಡಗಡೆಯ ಉದ್ದ ಗೆರೆ ನೆಟ್ಟಗೆ ನಿಲ್ಲುವ ತನಕ ತಿರುಗಿಸಿ. ಈಗ ಮೇಲಿನ ಅಡ್ಡ ಗೆರೆಯನ್ನು ನೋಡಿ.

ಅಡ್ಡ ಗೆರೆಯೂ ಸರಿಯಾಗಿ ಅಡ್ಡಕ್ಕೆ ಬಂದಿದ್ದರೆ ಹಾಳೆ ಒಳಗೆ ಹೋಗುವಾಗಲೇ ತಿರುಗಿತ್ತು ಎಂದರ್ಥ. ಇದು ರೋಲರ್, ಗೈಡ್ ಅಥವಾ ಹಾಳೆ ಇಟ್ಟ ರೀತಿಯ ದೋಷ, ನಿಮ್ಮ ಕೈಯಲ್ಲೇ ಸರಿಯಾಗುವಂಥದ್ದು. ಉದ್ದ ಗೆರೆ ನೆಟ್ಟಗಿದ್ದೂ ಅಡ್ಡ ಗೆರೆ ವಾರೆಯಾಗಿಯೇ ಉಳಿದರೆ, ಅಂದರೆ ಚೌಕಟ್ಟಿನ ಮೂಲೆಗಳು ಲಂಬಕೋನವಾಗಿ ಉಳಿಯದೆ ಇದ್ದರೆ, ಹಾಳೆ ನೇರವಾಗಿಯೇ ಓಡಿದೆ. ಅದನ್ನು ಓದುವ ಸಾಲಿಗೆ ಫೀಡರ್ ಲಂಬವಾಗಿ ಕೂತಿಲ್ಲ. ಯಂತ್ರವನ್ನು ಎತ್ತಿ ಬೇರೆ ಕಡೆ ಇಟ್ಟ ಮೇಲೆ, ಮುಚ್ಚಳವನ್ನು ಜೋರಾಗಿ ಎತ್ತಿಳಿಸಿ ಹಿಂಜು ಸಡಿಲವಾದ ಮೇಲೆ ಹೀಗಾಗುತ್ತದೆ. ಇದನ್ನು ಎಷ್ಟು ಒರೆಸಿದರೂ ಸರಿಯಾಗದು, ಬರೀ ಪುಟವನ್ನು ತಿರುಗಿಸುವ ಸಾಫ್ಟ್‌ವೇರಿನಿಂದಲೂ ಆಗದು. ಸರ್ವೀಸಿನವರು ಹಿಂಜಿನ ಹತ್ತಿರ ಹೊಂದಾಣಿಕೆ ಮಾಡಿಕೊಡಬೇಕು.

ಮೂರನೆಯದು, ಗೆರೆ ಮೇಲೆ ನೆಟ್ಟಗಿದ್ದು ಕೆಳಗೆ ಬರುತ್ತ ಬಾಗಿರುವುದು. ಅರ್ಧ ದಾರಿಯಲ್ಲಿ ಹಾಳೆಯ ಒಂದು ಪಕ್ಕ ತಡೆದು, ಇನ್ನೊಂದು ಪಕ್ಕ ಮುಂದೆ ಹೋಗಿದೆ. ಇಂಥ ಪುಟವನ್ನು ಆಮೇಲೆ ತಿರುಗಿಸಿ ನೇರ ಮಾಡಲು ಬರುವುದಿಲ್ಲ, ಮತ್ತೆ ಸ್ಕ್ಯಾನ್ ಮಾಡಬೇಕು.

ಗಾಜಿನ ಮೇಲೆ ನೆಟ್ಟಗೆ ಬರುತ್ತದೆ ಎಂದು ನೀವೇ ನೋಡಿಕೊಂಡಿರುವುದು ಒಳ್ಳೆಯದಾಯಿತು. ಹಳೆಯ ಕಡತಗಳಲ್ಲಿ ಹಿಂದೆ ಯಾರೋ ಸೊಟ್ಟಗೆ ತೆಗೆದ ಝೆರಾಕ್ಸ್ ಪ್ರತಿಗಳು ಬೇಕಾದಷ್ಟಿರುತ್ತವೆ. ಅವುಗಳಲ್ಲಿ ಹಾಳೆ ನೇರವಾಗಿ ಹೋದರೂ ಅಕ್ಷರ ಸೊಟ್ಟಗಿರುತ್ತದೆ. ಅದು ಫೀಡರಿನ ತಪ್ಪಲ್ಲ.

ಕೆಲವು ಪುಟ ಸೊಟ್ಟ, ಕೆಲವು ಸರಿ ಅಂದರೆ ನಿಮ್ಮದು ಬಹುತೇಕ ಮೊದಲನೆಯ ಬಗೆ. ಅದರಲ್ಲೂ ಇನ್ನೊಂದು ಭೇದವಿದೆ. ಒಂಟಿ ಹಾಳೆಯೂ ಪ್ರತಿ ಸಲ ಒಂದೇ ಕಡೆಗೆ, ಹೆಚ್ಚುಕಮ್ಮಿ ಅಷ್ಟೇ ತಿರುಗಿದರೆ ರೋಲರಿನ ಅಥವಾ ಪ್ಯಾಡಿನ ಒಂದು ಪಕ್ಕ ಕೊಳೆಯಾಗಿದೆ ಇಲ್ಲವೇ ಸವೆದಿದೆ. ಒಂಟಿ ಹಾಳೆ ನೆಟ್ಟಗೆ ಹೋಗಿ, ಕಟ್ಟು ಹಾಕಿದಾಗ ಮಾತ್ರ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗಿದರೆ ದೋಷ ಹಾಳೆ ಇಟ್ಟ ಕ್ರಮದಲ್ಲಿದೆ. ಎರಡೂ ಒಟ್ಟಿಗೆ ಇರುವುದೂ ಉಂಟು.

ಹಾಳೆ ತಿರುಗುವುದು ಎಲ್ಲಿ ಎಂದು ತಿಳಿದರೆ ಮುಂದಿನದೆಲ್ಲ ಸುಲಭ. ಫೀಡರಿನ ಮುಚ್ಚಳ ತೆರೆದರೆ ನಡುವೆ ಎರಡು ಮೂರು ಬೆರಳಗಲದ ರಬ್ಬರ್ ರೋಲರ್ ಕಾಣುತ್ತದೆ. ಕಟ್ಟಿನ ಮೇಲಿನ ಹಾಳೆಯನ್ನು ಎಳೆಯುವುದು ಅದು. ಅದರ ಹಿಂದೆಯೋ ಅದರ ಜೊತೆಗೋ ಇನ್ನೊಂದು ರೋಲರ್ ಇದ್ದು, ಅದಕ್ಕೆ ಎದುರಾಗಿ ಕೆಳಗೆ ಒಂದು ರಬ್ಬರ್ ಪ್ಯಾಡ್ ಅಥವಾ ತಡೆಯುವ ರೋಲರ್ ಇರುತ್ತದೆ. ಎರಡು ಹಾಳೆ ಒಟ್ಟಿಗೆ ಹೋಗದಂತೆ ಕೆಳಗಿನದನ್ನು ತಡೆದು ನಿಲ್ಲಿಸುವುದು ಇದರ ಕೆಲಸ. ಈ ಮೊದಲ ಎಳೆತದಲ್ಲಿ 210 ಮಿಲಿಮೀಟರ್ ಅಗಲದ ಹಾಳೆಯನ್ನು ಹಿಡಿದಿರುವುದು ನಡುವಿನ ಒಂದು ತುಂಡು ರಬ್ಬರ್ ಮಾತ್ರ. ಆ ಹೊತ್ತಿನಲ್ಲಿ ಎಡ ಅಂಚಿಗೋ ಬಲ ಅಂಚಿಗೋ ಸ್ವಲ್ಪ ತಡೆ ಸಿಕ್ಕರೂ ಹಾಳೆ ಆ ರಬ್ಬರನ್ನೇ ಕೇಂದ್ರ ಮಾಡಿಕೊಂಡು ತಿರುಗಿಬಿಡುತ್ತದೆ. ಪಿನ್ನು ಕಿತ್ತ ಹರಕು, ಮಡಚಿದ ಮೂಲೆ, ಪಕ್ಕದ ಹಾಳೆಗೆ ಅಂಟಿದ ರೆವಿನ್ಯೂ ಸ್ಟಾಂಪಿನ ಗೋಂದು, ಇಷ್ಟೇ ಸಾಕು. ದೊಡ್ಡ ಯಂತ್ರಗಳಲ್ಲಿ ಮುಂದೆ ಇನ್ನೊಂದು ಜೋಡಿ ರೋಲರ್ ಕ್ಷಣಕಾಲ ನಿಂತೇ ಇರುತ್ತದೆ. ಹಾಳೆಯ ತುದಿ ಅದಕ್ಕೆ ಒತ್ತಿ ಸ್ವಲ್ಪ ಉಬ್ಬಿ, ತುದಿ ಪೂರ್ತಿ ನೇರವಾದ ಮೇಲೆ ರೋಲರ್ ತಿರುಗಿ ಒಳಗೆ ಎಳೆಯುತ್ತದೆ. ಎಳೆಯುವ ರೋಲರ್ ಜಾರುವಂತಾಗಿದ್ದರೆ ಹಾಳೆಯನ್ನು ಅಷ್ಟು ಒತ್ತುವ ಶಕ್ತಿ ಇರುವುದಿಲ್ಲ, ಹೀಗಾಗಿ ಈ ತಿದ್ದುಪಡಿ ಆಗುವುದೇ ಇಲ್ಲ. ಕೊಳಕು ರೋಲರಿನಿಂದ ಪುಟ ಸೊಟ್ಟಗಾಗುವ ಒಂದು ಮುಖ್ಯ ದಾರಿ ಇದು.

ಈಗ ಒರೆಸುವ ವಿಷಯ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಮುಚ್ಚಳ ತೆರೆಯಿರಿ. ನೂಲು ಬಿಡದ ಬಟ್ಟೆ ಬೇಕು. ಕನ್ನಡಕ ಒರೆಸುವಂಥ ಬಟ್ಟೆ ಒಳ್ಳೆಯದು. ಹತ್ತಿ ಉಂಡೆ, ಟಿಶ್ಯೂ ಕಾಗದ ಬೇಡ, ಅವುಗಳ ಎಳೆ ಸೆನ್ಸರಿನ ಮೇಲೆ ಕೂರುತ್ತದೆ. ಮೊದಲು ಶುದ್ಧ ನೀರಿನಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ತೇವ ಮಾತ್ರ ಉಳಿಸಿಕೊಳ್ಳಿ. ರೋಲರನ್ನು ಬೆರಳಿನಿಂದ ಹಾಳೆ ಹೋಗುವ ದಿಕ್ಕಿಗೇ ಸ್ವಲ್ಪ ಸ್ವಲ್ಪ ತಿರುಗಿಸುತ್ತ, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಒರೆಸಿ. ಹಲವು ಯಂತ್ರಗಳಲ್ಲಿ ರೋಲರ್ ಒಂದೇ ದಿಕ್ಕಿಗೆ ಸಲೀಸಾಗಿ ತಿರುಗುತ್ತದೆ, ಎದುರು ದಿಕ್ಕಿಗೆ ಬಲ ಹಾಕಬೇಡಿ. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಎದುರಿಗೆ ಕಾಣುವ ಭಾಗವನ್ನಷ್ಟೇ ಒರೆಸಿ ಮುಚ್ಚಿಬಿಡುತ್ತಾರೆ. ಅರ್ಧ ಸುತ್ತು ಹಿಡಿದು ಅರ್ಧ ಸುತ್ತು ಜಾರುವ ರೋಲರ್ ಮೊದಲಿಗಿಂತ ಹೆಚ್ಚು ಕಾಟ ಕೊಡುತ್ತದೆ. ರಬ್ಬರಿನ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕಿ ಇಟ್ಟುಕೊಂಡರೆ ಸುತ್ತು ಪೂರ್ತಿಯಾದದ್ದು ತಿಳಿಯುತ್ತದೆ, ಕೊನೆಗೆ ಆ ಚುಕ್ಕಿಯನ್ನೂ ಒರೆಸಿ.

ನಮ್ಮ ಕಡೆಯ ಹಳೆ ಕಡತಗಳಾದರೆ ಮೊದಲ ಸಲ ಬಟ್ಟೆಗೆ ಬರುವ ಕೊಳೆಗೆ ಎರಡು ಬಣ್ಣ. ಬಿಳಿ ಹಿಟ್ಟಿನಂಥದ್ದು ಕಾಗದದ್ದೇ ಪುಡಿ, ಕಾಗದ ಬಿಳಿಯಾಗಿ ಕಾಣಲೆಂದು ಸೇರಿಸುವ ಸುಣ್ಣದ ಅಂಶ ಅದರಲ್ಲಿರುತ್ತದೆ. ಕೆಂಪು ಮಿಶ್ರಿತ ಕಂದು ಜಂಬಿಟ್ಟಿಗೆಯ ಧೂಳು, ಇಲ್ಲವೇ ಒರಲೆ ಹಿಡಿದ ಕಟ್ಟಿನ ಮಣ್ಣು. ಈ ಮಣ್ಣು ರಬ್ಬರನ್ನು ತಿಕ್ಕಿ ಸವೆಸುತ್ತದೆ. ಹಾಗಾಗಿ ಕಡತವನ್ನು ಫೀಡರಿಗೆ ತರುವ ಮೊದಲೇ ಒಂದೊಂದು ಹಾಳೆಯನ್ನೂ ಒಣ ಮೆತ್ತನೆ ಬ್ರಷ್ಷಿನಿಂದ ಉಜ್ಜಿ. ಈ ಒಂದು ಕೆಲಸ ರೋಲರಿನ ಆಯಸ್ಸನ್ನು ಹೆಚ್ಚಿಸುವಷ್ಟು ಬೇರೆ ಯಾವುದೂ ಹೆಚ್ಚಿಸದು.

ನೀರಿನಿಂದ ಒರೆಸಿ ಒಣಗಿದ ಮೇಲೂ ರಬ್ಬರ್ ಹೊಳೆಯುತ್ತಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಉಪಯೋಗಿಸಬಹುದು. ಆದರೆ ನಿಮ್ಮ ಯಂತ್ರದ ಕೈಪಿಡಿ ಏನು ಹೇಳುತ್ತದೆ ಎಂದು ನೋಡಿಕೊಳ್ಳಿ. ಕೆಲವು ಕಂಪನಿಗಳು ನೀರು ಮಾತ್ರ ಸಾಕು ಎನ್ನುತ್ತವೆ, ಕೆಲವು ತಮ್ಮದೇ ದ್ರಾವಣ ಕೊಡುತ್ತವೆ. ಬಟ್ಟೆಗೆ ನಾಲ್ಕೈದು ಹನಿ ಹಾಕಿಕೊಳ್ಳಿ, ರೋಲರಿನ ಮೇಲೆ ನೇರ ಸುರಿಯಬೇಡಿ. ದಿನಾ ಅದರಲ್ಲೇ ಒರೆಸಿದರೆ ರಬ್ಬರ್ ಒಣಗಿ ಗಟ್ಟಿಯಾಗುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಮಾತ್ರ ಬೇಡವೇ ಬೇಡ. ಅದರಲ್ಲಿ ಸಾಮಾನ್ಯವಾಗಿ ಗ್ಲಿಸರಿನ್ ಇದ್ದು, ಒಣಗಿದ ಮೇಲೆ ಜಾರುವ ಪದರ ಉಳಿಯುತ್ತದೆ. ಪೆಟ್ರೋಲು, ಥಿನ್ನರ್, ಸೀಮೆಎಣ್ಣೆ ರಬ್ಬರನ್ನು ಉಬ್ಬಿಸಿ ಕೆಡಿಸುತ್ತವೆ. ಸ್ಯಾಂಡ್ ಪೇಪರಿನಿಂದ ತಿಕ್ಕಿದರೆ ಒಂದೆರಡು ದಿನ ಚೆನ್ನಾಗಿ ಹಿಡಿಯುತ್ತದೆ, ಆದರೆ ರೋಲರ್ ಒಂದು ಪಕ್ಕ ತೆಳ್ಳಗಾಗಿ ಹಾಳೆ ಆಮೇಲೆ ಯಾವಾಗಲೂ ಒಂದೇ ಕಡೆಗೆ ತಿರುಗತೊಡಗುತ್ತದೆ.

ಪ್ಯಾಡನ್ನೂ ಹಾಗೆಯೇ ಒರೆಸಿ. ಅದರ ಕೆಳಗೆ ಸ್ಪ್ರಿಂಗ್ ಇರುತ್ತದೆ, ಎಡ ಬಲ ಎರಡು ಕಡೆಯೂ ಒತ್ತಿ ನೋಡಿ, ಸಮನಾಗಿ ಮೇಲೆ ಬರಬೇಕು. ಆಮೇಲೆ ಬೆರಳು ಮುಟ್ಟಿಸದೆ ಹತ್ತು ನಿಮಿಷ ಮುಚ್ಚಳ ತೆರೆದೇ ಬಿಡಿ, ಮಳೆಗಾಲದಲ್ಲಿ ಇನ್ನೂ ಸ್ವಲ್ಪ ಹೊತ್ತು. ಒಣಗಿದ ರೋಲರ್ ಮಂಕಾಗಿ ಕಾಣಬೇಕು. ಒರೆಸಿ ಒಣಗಿದ ಮೇಲೂ ಕನ್ನಡಿಯಂತೆ ಹೊಳೆದರೆ, ಉಗುರು ಒತ್ತಿದರೆ ತಗ್ಗದಷ್ಟು ಗಟ್ಟಿಯಾಗಿದ್ದರೆ, ನಡುವೆ ತಗ್ಗು ಬಿದ್ದಿದ್ದರೆ ಅದರ ಕಾಲ ಮುಗಿದಿದೆ. ರೋಲರ್ ಮತ್ತು ಪ್ಯಾಡ್ ಎರಡನ್ನೂ ಒಟ್ಟಿಗೆ ಬದಲಿಸಿ. ಒಂದು ಹೊಸದು, ಒಂದು ಹಳೆಯದು ಇದ್ದರೆ ಹಿಡಿತ ಮತ್ತು ತಡೆಯ ಸಮತೋಲ ಕೂಡುವುದಿಲ್ಲ. ಬದಲಿಸಿದ ಮೇಲೆ ಯಂತ್ರದ ಮೆನುವಿನಲ್ಲಿ ರೋಲರಿನ ಲೆಕ್ಕ ಇದ್ದರೆ ಅದನ್ನು ಸೊನ್ನೆ ಮಾಡಿ.

ಮಳೆಗಾಲದ ತೊಂದರೆ ಮುಖ್ಯವಾಗಿ ಹಾಳೆಯದು. ಕಾಗದ ಗಾಳಿಯ ತೇವ ಹೀರಿದಾಗ ಅಂಚುಗಳು ಮೊದಲು ಹಿಗ್ಗಿ ಅಲೆಯಲೆಯಾಗುತ್ತವೆ, ಹಾಳೆಗಳು ಒಂದಕ್ಕೊಂದು ಅಂಟುತ್ತವೆ. ಎಡ ಅಂಚು ಅಂಟಿ ಬಲ ಅಂಚು ಬಿಟ್ಟರೆ ಹಾಳೆ ತಿರುಗಲೇಬೇಕು. ಮರುದಿನ ಸ್ಕ್ಯಾನ್ ಮಾಡುವ ಕಡತಗಳನ್ನು ಹಿಂದಿನ ಸಂಜೆಯೇ ಟ್ಯಾಗ್ ಬಿಚ್ಚಿ, ಪಿನ್ನು ಕಿತ್ತು, ಬಾಗಿಲು ಮುಚ್ಚಿದ ಕಪಾಟಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆಗೆ ಸಡಿಲವಾಗಿ ಇಡಿ. ಬೆಳಿಗ್ಗೆ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಾಲ್ಕೂ ಅಂಚಿನಿಂದ ಬೀಸಿ, ನಡುವೆ ಗಾಳಿ ಹೋಗಲಿ. ಹಾಳೆ ಬಾಗಿದ್ದರೆ ಎದುರು ದಿಕ್ಕಿಗೆ ಮೆಲ್ಲಗೆ ಬಾಗಿಸಿ ಚಪ್ಪಟೆ ಮಾಡಿಕೊಳ್ಳಿ. ಫೀಡರಿನ ಮೇಲೆ 50 ಹಾಳೆ ಎಂದು ಬರೆದಿರುವುದು ಹೊಸ ಕಾಗದಕ್ಕೆ. ಹಳೆಯ, ತೇವ ಹಿಡಿದ ಕಾಗದಕ್ಕೆ ಒಂದು ಸಲಕ್ಕೆ 15–20 ಸಾಕು.

ಇನ್ನು ಅಳತೆಯ ಮಾತು. ಫೀಡರಿಗೆ ಮುಖ್ಯವಾದದ್ದು ಹಾಳೆಯ ಅಗಲ. ಉದ್ದ ಹೆಚ್ಚುಕಮ್ಮಿಯಾದರೆ ಪುಟ ಸೊಟ್ಟಗಾಗುವುದಿಲ್ಲ, ಅಗಲ ಹೆಚ್ಚುಕಮ್ಮಿಯಾದರೆ ಆಗುತ್ತದೆ. ಗೈಡುಗಳು ಕಟ್ಟಿನಲ್ಲಿ ಎಲ್ಲಕ್ಕಿಂತ ಅಗಲವಾದ ಹಾಳೆಗೆ ನಿಲ್ಲುತ್ತವೆ, ಉಳಿದವುಗಳಿಗೆ ಪಕ್ಕದ ಆಸರೆ ಇರುವುದಿಲ್ಲ. ಲೀಗಲ್ ಹಾಳೆ 216 ಮಿಲಿಮೀಟರ್ ಅಗಲ, 356 ಉದ್ದ. ಎ4 ಹಾಳೆ 210 ಅಗಲ, 297 ಉದ್ದ. ಉದ್ದದ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ, ಅಗಲದ ಆರು ಮಿಲಿಮೀಟರ್ ಕಾಣುವುದೇ ಇಲ್ಲ. ಆದರೆ ಲೀಗಲ್ಲಿಗೆ ಇಟ್ಟ ಗೈಡಿನ ನಡುವೆ ಎ4 ಹಾಳೆ ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚೇ ತಿರುಗಲು ಜಾಗ ಸಿಗುತ್ತದೆ. ಅಂದರೆ ಪುಟದ ತಲೆಯಿಂದ ಬುಡಕ್ಕೆ ಬರುವಷ್ಟರಲ್ಲಿ ಅಂಚು ಆರು ಮಿಲಿಮೀಟರ್ ಸರಿದಿರುತ್ತದೆ. ನಿಮ್ಮ ಸೊಟ್ಟ ಪುಟಗಳನ್ನು ಅಳೆದು ನೋಡಿ. ಸರಿತ ಆರರ ಒಳಗೇ ಇದ್ದರೆ, ಅವು ಎ4 ಪುಟಗಳೇ ಆಗಿದ್ದರೆ, ಕಾರಣ ಇಷ್ಟೇ.

ರಸೀದಿಗಳ ವಿಷಯಕ್ಕೆ ಬಂದರೆ, ಎ4ನ ಅರ್ಧ ಅಳತೆಯ ಎ5 ರಸೀದಿ 148ಕ್ಕೆ 210. ಅದನ್ನು ಉದ್ದಕ್ಕೆ ನಿಲ್ಲಿಸಿ ಹಾಕಿದರೆ ಲೀಗಲ್ ಗೈಡಿನ ನಡುವೆ 68 ಮಿಲಿಮೀಟರ್ ಖಾಲಿ, ಅದು ಹೇಗೆ ಬೇಕಾದರೂ ತಿರುಗಬಹುದು. ಅಡ್ಡ ಮಲಗಿಸಿ ಹಾಕಿದರೆ ಅದರ ಅಗಲ 210, ಎ4 ಹಾಳೆಯಷ್ಟೇ. ಹಾಗಾಗಿ ಎ4 ಹಾಳೆಗೆ ಇಟ್ಟ ಗೈಡನ್ನು ಕದಲಿಸದೆ ಎ5 ರಸೀದಿಯನ್ನೂ ಹಾಕಬಹುದು. ರಸೀದಿಗಳು ಹೆಚ್ಚಾಗಿ ಅಡ್ಡಕ್ಕೇ ಅಚ್ಚಾಗಿರುವುದರಿಂದ ಚಿತ್ರವೂ ನೆಟ್ಟಗೇ ಬರುತ್ತದೆ. ಆದರೆ ಮೊದಲು ಸ್ಕೇಲಿಟ್ಟು ಅಳೆಯಿರಿ. ಊರಿನ ಪ್ರೆಸ್ಸಿನಲ್ಲಿ ಮಾಡಿಸಿದ ರಸೀದಿ ಪುಸ್ತಕ ಸರಿಯಾಗಿ ಎ5 ಇರಬೇಕೆಂದೇನೂ ಇಲ್ಲ. 200 ಮಿಲಿಮೀಟರಿಗಿಂತ ಕಿರಿದಾಗಿದ್ದರೆ ಅವುಗಳಿಗೆ ಬೇರೆ ಗೈಡ್ ಇಟ್ಟು ಬೇರೆ ಕಟ್ಟಾಗಿ ಹಾಕಿ. ಕೈಪಿಡಿಯಲ್ಲಿ ಹೇಳಿದ ಕನಿಷ್ಠ ಅಳತೆಗಿಂತ ಸಣ್ಣವು, ಹರಿದವು, ದಪ್ಪ ಸ್ಟಾಂಪು ಅಂಟಿಸಿದವು ಗಾಜಿನ ಮೇಲೆಯೇ ಆಗಬೇಕು.

ಗೈಡ್ ಎಷ್ಟು ಬಿಗಿ ಇರಬೇಕು ಎಂದರೆ, ಹಾಳೆಯ ಅಂಚಿಗೆ ಸುಮ್ಮನೆ ತಾಗಬೇಕು. ಕಟ್ಟಿನ ನಡುಭಾಗ ಮೇಲಕ್ಕೆ ಉಬ್ಬಿದರೆ ಬಿಗಿ ಹೆಚ್ಚಾಯಿತು, ಹಾಳೆ ಪಕ್ಕಕ್ಕೆ ಅಲ್ಲಾಡಿದರೆ ಸಡಿಲವಾಯಿತು. ಹಾಳೆಯ ಹರಿದ ಅಥವಾ ಪಿನ್ನಿನ ತೂತಿರುವ ತುದಿ ಮೊದಲು ಒಳಗೆ ಹೋಗದಿರಲಿ. ಅಂಥ ಕಟ್ಟನ್ನು ತಲೆಕೆಳಗಾಗಿ ಹಾಕಿ, ಆಮೇಲೆ ಕಂಪ್ಯೂಟರಿನಲ್ಲಿ 180 ಡಿಗ್ರಿ ತಿರುಗಿಸಿಕೊಳ್ಳಿ.

ಒಂದು ಕಡತ ಹಿಡಿದು ನೋಡೋಣ. ಒಂದೇ ಮಗ್ಗುಲು ಬರೆದ 46 ಹಾಳೆ. ಮೊದಲ 14 ಎ4, ಅರ್ಜಿ ಮತ್ತು ಪಹಣಿ ನಕಲು. 15ರಿಂದ 22 ಲೀಗಲ್, ಸಾಲಪತ್ರ. 23ರಿಂದ 40 ಮತ್ತೆ ಎ4. ಕೊನೆಯ ಆರು ರಸೀದಿ. ಮೊದಲ ಕೆಲಸ, ಎಲ್ಲಕ್ಕೂ ಮೂಲೆಯಲ್ಲಿ ಪೆನ್ಸಿಲಿನಿಂದ ಕ್ರಮಸಂಖ್ಯೆ ಹಾಕುವುದು. ಇದು ಬಿಟ್ಟರೆ ಹಾಳೆ ಬೇರ್ಪಡಿಸಿದ ಮೇಲೆ ಹಿಂದಿನ ಕ್ರಮಕ್ಕೆ ತರಲಾಗುವುದಿಲ್ಲ. ಇಲ್ಲಿ ಅಳತೆ ಬದಲಾಗುವುದು ಮೂರೇ ಕಡೆ. ನಿಮ್ಮ ಯಂತ್ರದಲ್ಲಿ ಒಂದು ಕಟ್ಟು ಮುಗಿದ ಮೇಲೆ ಇನ್ನೊಂದು ಕಟ್ಟು ಇಟ್ಟು ಅದೇ ಪಿಡಿಎಫ್ ಮುಂದುವರಿಸುವ ಸೌಲಭ್ಯವಿದ್ದು, ನಡುವೆ ಹಾಳೆಯ ಅಳತೆ ಬದಲಿಸಲು ಬಿಟ್ಟರೆ, ಕ್ರಮವಾಗಿ ನಾಲ್ಕು ಕಟ್ಟು ಹಾಕಿ, ಜೋಡಿಸುವ ಕೆಲಸವೇ ಇಲ್ಲ. ಲೀಗಲ್ ಕಟ್ಟಿಗೆ ಗೈಡನ್ನೂ ಸರಿಸಿ, ಪರದೆಯ ಮೇಲೆ ಅಳತೆಯನ್ನೂ ಲೀಗಲ್ಲಿಗೆ ಬದಲಿಸಿ. ಎ4 ಎಂದೇ ಬಿಟ್ಟರೆ ಕೆಳಗಿನ 59 ಮಿಲಿಮೀಟರ್ ಕತ್ತರಿಸಿ ಹೋಗುತ್ತದೆ, ಸಾಲಪತ್ರದಲ್ಲಿ ಸಹಿ ಇರುವುದು ಬಹಳ ಸಲ ಅಲ್ಲಿಯೇ.

ಅಳತೆ ಪುಟ ಪುಟಕ್ಕೂ ಬದಲಾಗುವ ಕಡತವಾದರೆ ಅಥವಾ ಯಂತ್ರ ನಡುವೆ ಅಳತೆ ಬದಲಿಸಲು ಬಿಡದಿದ್ದರೆ, ಅಗಲದ ಪ್ರಕಾರ ಗುಂಪು ಮಾಡಿ ಬೇರೆ ಬೇರೆ ಪಿಡಿಎಫ್ ಮಾಡಿಕೊಂಡು ಆಮೇಲೆ ಜೋಡಿಸಿ. ಪಿಡಿಎಫ್ ಪುಟಗಳನ್ನು ಎಳೆದು ಜೋಡಿಸುವ ಯಾವ ಪ್ರೋಗ್ರಾಮಾದರೂ ನಡೆಯುತ್ತದೆ. ಉಚಿತವಾಗಿ ಸಿಗುವ `qpdf` ಹಾಕಿಕೊಂಡಿದ್ದರೆ ಮೇಲಿನ ಕಡತಕ್ಕೆ ಒಂದೇ ಸಾಲು ಸಾಕು:

```
qpdf --empty --pages a4.pdf 1-14 legal.pdf 1-8 a4.pdf 15-32 rasidi.pdf 1-6 -- kadata.pdf
```

ಜೋಡಿಸಿದ ಪಿಡಿಎಫಿನಲ್ಲಿ ಪುಟ ಸರಿಯಾಗಿ 46 ಇರಬೇಕು. ಕಮ್ಮಿ ಬಂದರೆ, ಅಥವಾ ಆ ಸಂಖ್ಯೆಯ ಪುಟವೇ ಇಲ್ಲವೆಂದು `qpdf` ದೋಷ ತೋರಿಸಿ ನಿಂತರೆ, ಎಲ್ಲೋ ಎರಡು ಹಾಳೆ ಅಂಟಿ ಒಟ್ಟಿಗೆ ಹೋಗಿವೆ. ಪೆನ್ಸಿಲಿನ ಸಂಖ್ಯೆ ನೋಡುತ್ತ ಹೋದರೆ ಯಾವುದು ತಪ್ಪಿತು ಎಂದು ತಕ್ಷಣ ಸಿಗುತ್ತದೆ.

ಕೆಲವು ಯಂತ್ರಗಳ ಮೆನುವಿನಲ್ಲಿ ಮಿಶ್ರ ಅಳತೆಯ ಹಾಳೆ ಎಂಬ ಆಯ್ಕೆ ಇರುತ್ತದೆ. ಅದು ಪ್ರತಿ ಹಾಳೆಯ ಅಳತೆಯನ್ನು ಗುರುತಿಸಿ ಪುಟವನ್ನು ಅದಕ್ಕೆ ತಕ್ಕಂತೆ ಮಾಡುತ್ತದೆ, ಹಾಳೆಯನ್ನು ಪಕ್ಕದಿಂದ ಹಿಡಿಯುವುದಿಲ್ಲ. ಅಗಲ ಒಂದೇ ಇದ್ದು ಉದ್ದ ಮಾತ್ರ ಬೇರೆಯಾದಾಗ ಇದು ಚೆನ್ನಾಗಿ ನಡೆಯುತ್ತದೆ. ಎ4 ಹಾಳೆಯ ಜೊತೆ ಅಡ್ಡ ಮಲಗಿಸಿದ ಎ5 ಹಾಗೆ, ಎ3 ಹಾಳೆಯ ಜೊತೆ ಅಡ್ಡ ಮಲಗಿಸಿದ ಎ4 ಹಾಗೆ. ಅಗಲ ಬೇರೆಯಾದರೂ ಒಟ್ಟಿಗೆ ಹಾಕಲೇಬೇಕಾದಾಗ ಎಲ್ಲ ಹಾಳೆಗಳ ಮುಂದಿನ ತುದಿ ಒಂದೇ ಸಾಲಿನಲ್ಲಿರಲಿ. ಒಂದು ಪಕ್ಕದ ಗೈಡ್ ಅಲ್ಲಾಡದ ಯಂತ್ರವಾದರೆ ಎಲ್ಲವನ್ನೂ ಆ ಪಕ್ಕಕ್ಕೆ ತಾಗಿಸಿ. ಎರಡೂ ಗೈಡ್ ಒಟ್ಟಿಗೆ ಸರಿಯುವ ಯಂತ್ರದಲ್ಲಿ ಕೈಪಿಡಿ ಬೇರೆ ಹೇಳದಿದ್ದರೆ ಸಣ್ಣವನ್ನು ನಡುವೆ ಇಡಿ. ಎಳೆಯುವ ರೋಲರ್ ಪ್ರತಿಯೊಂದು ಹಾಳೆಯ ಮೇಲೂ ಪೂರ್ತಿ ಕೂರಬೇಕು.

ತಾನಾಗಿ ನೇರ ಮಾಡುವ ಸೌಲಭ್ಯವನ್ನು ಇಷ್ಟೆಲ್ಲ ಆದ ಮೇಲೆ ಉಳಿಯುವ ಅರ್ಧ ಡಿಗ್ರಿಗೆ ಇಟ್ಟುಕೊಳ್ಳಿ. ಅದು ಚಿತ್ರದ ಪ್ರತಿ ಚುಕ್ಕಿಯನ್ನೂ ಹೊಸದಾಗಿ ಲೆಕ್ಕ ಹಾಕಿ ಕೂರಿಸುತ್ತದೆ. ಕಡಿಮೆ ಡಿಪಿಐಯಲ್ಲಿ ತೆಗೆದ ಮಸುಕಾದ ಕೈಬರಹದಲ್ಲಿ ಒತ್ತಕ್ಷರಗಳ ಸಣ್ಣ ಗೆರೆಗಳು ಇದರಿಂದ ಇನ್ನಷ್ಟು ಮಬ್ಬಾಗುತ್ತವೆ. ಅದನ್ನು ಬಳಸುವುದಾದರೆ 300 ಡಿಪಿಐಗೆ ಇಟ್ಟು ಸ್ಕ್ಯಾನ್ ಮಾಡಿ, ಮತ್ತು ಅಂಚಿನವರೆಗೆ ಬರವಣಿಗೆ ಇರುವ ಪುಟಗಳ ನಾಲ್ಕೂ ಮೂಲೆಯನ್ನು ಮೂಲ ಹಾಳೆಯ ಜೊತೆ ಒಮ್ಮೆ ಹೋಲಿಸಿ ನೋಡಿ, ತಿರುಗಿಸುವಾಗ ಮೂಲೆಯ ಅಕ್ಷರ ಕತ್ತರಿಸಿ ಹೋಗಿರಬಹುದು.